ಕೈಗುಣವನ್ನು ಕಾರ್ಡಿಗೆ ಇಳಿಸಿದ ನನ್ನ ಅನುಭವ

ಸಂಕ್ರಾಂತಿ ಮುಗಿದ ಮೂರನೇ ದಿನ. ಬೆಳಿಗ್ಗೆ ಪಾರ್ಲರ್ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದೆ. ಮೊಬೈಲ್‌ಗೆ ಮೆಸೇಜ್ ಬಂತು. "ಅಕ್ಕ, ಇವತ್ತಿಂದ ನಾನು ಬರಲ್ಲ. ತಪ್ಪು ತಿಳ್ಕೋಬೇಡ್ರಿ." ಅಷ್ಟೇ. ಆರು ವರ್ಷ ನನ್ನ ಜೊತೆ ಇದ್ದ ಹುಡುಗಿ. ಅವತ್ತು ಹನ್ನೊಂದಕ್ಕೆ ಇಡೀ ತಲೆಗೆ ಬಣ್ಣ ಹಚ್ಚುವ ಒಂದು ಗ್ಲೋಬಲ್ ಕಲರ್, ಎರಡಕ್ಕೆ ಕೂದಲು ನೇರ ಮಾಡುವ ಒಂದು ಸ್ಮೂದನಿಂಗ್, ಸಂಜೆ ಬುಡದಲ್ಲಿ ಎದ್ದ ಬಿಳಿ ಮುಚ್ಚುವ ಎರಡು ರೂಟ್ ಟಚಪ್ ಇದ್ದವು. ನಾಲ್ಕೂ ಅವಳನ್ನೇ ಕೇಳಿಕೊಂಡು ಬುಕ್ ಮಾಡಿದವು.

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಪಾರ್ಲರ್ ಶುರುವಾಗಿ ಆಗ ಹನ್ನೊಂದು ವರ್ಷ. ತಿಂಗಳಿಗೆ ಸುಮಾರು 1 ಲಕ್ಷ 80 ಸಾವಿರ ವ್ಯಾಪಾರ ಇತ್ತು. ಅದರಲ್ಲಿ 1 ಲಕ್ಷದ ಮೇಲೆ ಅವಳೊಬ್ಬಳ ಕೈಯಿಂದ ಬರುತ್ತಿತ್ತು. ಕಲರ್, ಸ್ಮೂದನಿಂಗ್, ಮದುಮಗಳ ಹೇರ್‌ಸ್ಟೈಲ್, ಮೂರೂ ಅವಳದೇ. ನನ್ನದು ಮೇಕಪ್, ಸೀರೆ ಉಡಿಸುವುದು, ಫೇಶಿಯಲ್. ಉಳಿದ ಮೂವರು ಹುಡುಗಿಯರು ಹರಿಹರ, ಹೊನ್ನಾಳಿ, ಜಗಳೂರು ಕಡೆಯವರು. ಥ್ರೆಡಿಂಗ್, ವ್ಯಾಕ್ಸಿಂಗ್, ತಲೆ ತೊಳೆಯುವುದು ಮಾಡುತ್ತಿದ್ದರು. ಬಾಡಿಗೆ 16 ಸಾವಿರ, ಸಂಬಳ ಎಲ್ಲಾ ಸೇರಿ 48 ಸಾವಿರ. ಮುಂದೆ ಮದುವೆ ಸೀಸನ್. ಆ ವರ್ಷ ದುಗ್ಗಮ್ಮನ ಜಾತ್ರೆಯೂ ಇತ್ತು. ಜಾತ್ರೆಗೆ ಮನೆ ತುಂಬ ನೆಂಟರು ಬರುತ್ತಾರೆ, ಅದಕ್ಕೆ ಹಿಂದಿನ ವಾರ ನಮ್ಮಲ್ಲಿ ಕೂರಲು ಜಾಗ ಇರುವುದಿಲ್ಲ.

ಸಾಮಾನು ಕೊಡುವ ಡೀಲರ್ ಅಣ್ಣ ಬಂದು ಕೂತು ಹೇಳಿದರು, "ಮೇಡಂ, ಗಿರಾಕಿ ಅಂಗಡಿ ನೋಡಿ ಬರಲ್ಲ, ಕೈ ನೋಡಿ ಬರ್ತಾರೆ. ಕಲರ್ ಬಿಟ್ಟುಬಿಡ್ರಿ." ಪಿ.ಜೆ. ಬಡಾವಣೆಯಲ್ಲಿ ಪಾರ್ಲರ್ ಇಟ್ಟಿರುವ ನನ್ನ ಗೆಳತಿಯೂ ಅದನ್ನೇ ಅಂದಳು. ಮನೆಯವರಂತೂ ಅಂಗಡಿ ಸಣ್ಣದು ಮಾಡಿಕೋ, ಥ್ರೆಡಿಂಗ್ ಫೇಶಿಯಲ್ ಸಾಕು ಅಂದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಕೈಗುಣ. ಅವಳ ಕೈಗುಣ ಅವಳ ಜೊತೆ ಹೋಯಿತು, ಇನ್ನೇನು ಮಾಡ್ತೀಯ?

ಮೊದಲ ಒಂದೂವರೆ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಅದನ್ನೂ ಬರೆಯುತ್ತೇನೆ, ಯಾಕಂದ್ರೆ ಈ ತಪ್ಪುಗಳನ್ನು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ.

ಮೊದಲನೆಯದು ಆಫರ್. ಪೇಪರ್ ಒಳಗೆ ಪಾಂಪ್ಲೆಟ್ ಹಾಕಿಸಿದೆ, ಫೇಶಿಯಲ್ ಅರ್ಧ ರೇಟ್. ಅದಕ್ಕೆ 6 ಸಾವಿರ ಹೋಯಿತು. ಜನ ಬಂದರು, ಇಲ್ಲ ಅನ್ನುವುದಿಲ್ಲ. ಆದರೆ ಬಂದವರೆಲ್ಲ ಅರ್ಧ ರೇಟಿನ ಫೇಶಿಯಲ್ ಮಾಡಿಸಿಕೊಂಡು ಹೋದರು. ಐದು ವಾರಕ್ಕೊಮ್ಮೆ ತಪ್ಪದೆ ಬಂದು ಕಲರ್ ಮಾಡಿಸುತ್ತಿದ್ದ ಹಳಬರು ಒಬ್ಬರೂ ಬರಲಿಲ್ಲ. ಅವರಿಗೆ ರೇಟ್ ಯಾವತ್ತೂ ತೊಂದರೆ ಆಗಿರಲೇ ಇಲ್ಲವಲ್ಲ.

ಎರಡನೆಯದು ಬೆಂಗಳೂರಿಂದ ಒಬ್ಬ ಸ್ಟೈಲಿಸ್ಟ್ ಕರೆಸಿದ್ದು. ದಿನಕ್ಕೆ 2,500, ಮೇಲೆ ಬಸ್ ಚಾರ್ಜ್, ಊಟ. ವಾರಕ್ಕೆ ಎರಡು ದಿನ, ನಾಲ್ಕು ವಾರ ಬಂದರು. ಕೆಲಸ ತುಂಬಾ ಚೆನ್ನಾಗಿತ್ತು. ಆದರೆ ಕನ್ನಡಿ ಮುಂದೆ ಕೂತ ಹಳೇ ಗಿರಾಕಿಗಳು ಕೇಳಿದ್ದು ಒಂದೇ, "ಮುಂದಿನ ತಿಂಗಳೂ ಇವರೇ ಇರ್ತಾರಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮಾರು 24 ಸಾವಿರ ಖರ್ಚಾಯಿತು. ಫೆಬ್ರವರಿ ವ್ಯಾಪಾರ 75 ಸಾವಿರಕ್ಕೆ ಇಳಿಯಿತು. ಎರಡು ಬಳೆ ಅಡ ಇಟ್ಟು 90 ಸಾವಿರ ತಂದು ಸಂಬಳ ಕೊಟ್ಟೆ.

ದಾರಿ ಸಿಕ್ಕಿದ್ದು ಒಬ್ಬ ಟೀಚರ್ ಮೇಡಂ ಅವರಿಂದ. ಸರ್ಕಾರಿ ಶಾಲೆಯಲ್ಲಿದ್ದಾರೆ, ವಯಸ್ಸು ನಲವತ್ತೈದರ ಹತ್ತಿರ. ನಾಲ್ಕು ವರ್ಷದಿಂದ ಅವಳ ಹತ್ತಿರವೇ ರೂಟ್ ಟಚಪ್. ಅವತ್ತು ಥ್ರೆಡಿಂಗ್‌ಗೆ ಬಂದಿದ್ದರು. ಹಣೆಯ ಅಂಚಿನಲ್ಲಿ ಒಂದು ಇಂಚು ಬಿಳಿ ಎದ್ದಿತ್ತು. "ಕಲರ್ ಮಾಡ್ಲಾ ಮೇಡಂ?" ಅಂದೆ. "ಬೇಡ ಬಿಡ್ರೀ, ಆಕಿ ಕೈಗುಣ ನಿಮಗೆ ಬರಲ್ಲ. ಆಕಿ ಮೊದಲು ಮುಂದೆ ಹಚ್ಚೋಳು. ಆಮೇಲೆ ಹೋಗಿ ಟೀ ಕುಡಿದು ಬರೋಳು. ಬಂದು ಹಿಂದೆ ಹಚ್ಚೋಳು. ನಂಗೆ ಕೂತು ಕೂತು ಬೇಜಾರಾಗೋದು, ಆದ್ರೆ ಬಿಳಿ ಒಂದೂ ಉಳೀತಿರಲಿಲ್ಲ" ಅಂದರು.

ನಾನು ಕೈಯಲ್ಲಿದ್ದ ದಾರ ಹಾಗೇ ಹಿಡಿದು ನಿಂತುಬಿಟ್ಟೆ. ಅವಳು ಟೀ ಕುಡಿಯಲು ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು, ಎಷ್ಟೋ ಸಲ ಬೈದಿದ್ದೇನೆ. ಅದು ಟೀ ಸಮಯ ಅಲ್ಲ, ಮುಂದಿನ ಗಟ್ಟಿ ಬಿಳಿ ಕೂದಲಿಗೆ ಕೊಟ್ಟ ಹೆಚ್ಚಿನ ಹತ್ತು ನಿಮಿಷ! ಅವಳು ಏನು ಬೆರೆಸುತ್ತಾಳೆ ಅಂತ ನಾನು ಬರೆದಿಟ್ಟಿರಲಿಲ್ಲ, ಅವಳೂ ಬರೆದಿರಲಿಲ್ಲ. ಆದರೆ ಕುರ್ಚಿಯಲ್ಲಿ ಕೂತವರಿಗೆ ಎಲ್ಲಾ ನೆನಪಿದೆ. ಮುಕ್ಕಾಲು ಗಂಟೆ ಬೇರೆ ಕೆಲಸ ಇಲ್ಲದೆ ಕನ್ನಡಿ ನೋಡುತ್ತಾ ಕೂತಿರುತ್ತಾರೆ ಅಲ್ವಾ?

ಆ ರಾತ್ರಿ ಮೂರು ಪುಸ್ತಕ ತೆಗೆದು ಕೂತೆ. ಎರಡು ವರ್ಷದ ಬಿಲ್ ಪುಸ್ತಕದ ಕಾರ್ಬನ್ ಪ್ರತಿ, ಅಪಾಯಿಂಟ್‌ಮೆಂಟ್ ಡೈರಿ, ಡೀಲರ್ ಹತ್ತಿರ ಟ್ಯೂಬ್ ತಂದ ಲೆಕ್ಕದ ಪುಸ್ತಕ. ಗಿರಾಕಿಗಳ ನಂಬರ್ ಅವಳ ಮೊಬೈಲಲ್ಲಿ ಹೋಗಿದ್ದರೂ ಡೈರಿಯಲ್ಲಿ ಉಳಿದಿದ್ದವು. ಬಿಲ್ಲಿನಿಂದ ಯಾರು ಎಷ್ಟು ವಾರಕ್ಕೆ ಬರುತ್ತಾರೆ ಅಂತ ಸಿಕ್ಕಿತು. ಟ್ಯೂಬ್ ಲೆಕ್ಕದಿಂದ ಇನ್ನೊಂದು ದೊಡ್ಡ ವಿಷಯ ಸಿಕ್ಕಿತು. ನಮ್ಮ ಕಪಾಟಿನಲ್ಲಿ ಹದಿನೆಂಟು ಶೇಡ್ ಇದ್ದರೂ ಅವಳು ತರಿಸುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಬರೀ ಐದು ನಂಬರ್. 3, 4, 5, 5.3, ಇನ್ನೊಂದು ಕೆಂಪು ಛಾಯೆಯದು. ನಂಬರ್ ಸಣ್ಣದಾದಷ್ಟು ಬಣ್ಣ ಕಪ್ಪು, 5.3 ಅಂದರೆ 5ಕ್ಕೆ ಚಿನ್ನದ ಹೊಳಪು ಸೇರಿದ್ದು. ಅಂದರೆ ನಾನು ಹುಡುಕಬೇಕಾದದ್ದು ಸಮುದ್ರದಲ್ಲಿ ಅಲ್ಲ, ಐದು ಡಬ್ಬಿಯೊಳಗೆ.

ಮಾರನೇ ದಿನದಿಂದ ಫೋನ್ ಮಾಡಿದೆ. ಡೈರಿಯಲ್ಲಿ ಕಲರ್ ಗಿರಾಕಿಗಳು ಸುಮಾರು 140 ಜನ ಇದ್ದರು. ಕಲರ್‌ಗೆ ಬನ್ನಿ ಅಂತ ಯಾರಿಗೂ ಹೇಳಲಿಲ್ಲ. ದುಡ್ಡಿಲ್ಲದೆ ಹದಿನೈದು ನಿಮಿಷ ಬಂದು ಕೂರಿ, ನಿಮ್ಮ ಕೂದಲಿನ ಒಂದು ಕಾರ್ಡ್ ಬರೆದು ಇಡುತ್ತೇನೆ ಅಂದೆ. ಫೋನಿನಲ್ಲಿ ಮೊದಲ ವಾಕ್ಯ ಏನು ಹೇಳುತ್ತಿದ್ದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಹುಡುಕುವಷ್ಟರಲ್ಲಿ ನನ್ನ ಮೂವತ್ತು ಫೋನ್ ಕರೆ ಹಾಳಾದವು. ಬಂದವರು ಎಪ್ಪತ್ತರ ಮೇಲೆ.

ಕಾರ್ಡ್ ಅಂದರೆ ದಪ್ಪ ಡ್ರಾಯಿಂಗ್ ಹಾಳೆ ಕತ್ತರಿಸಿದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು. ಗಿರಾಕಿಯನ್ನು ಕನ್ನಡಿ ಮುಂದೆ ಕೂರಿಸಲೇ ಇಲ್ಲ. ಬಾಗಿಲ ಹತ್ತಿರ, ಹಗಲು ಬೆಳಕಿನಲ್ಲಿ ಕೂರಿಸಿದೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಕಂದು ಬಣ್ಣವೂ ಒಂದೇ ಥರ ಕಾಣುತ್ತದೆ. ಬಿಳಿ ಎಷ್ಟು ಅಂತ ಹಣೆ ಅಂಚು, ಕಿವಿ ಮುಂದೆ, ನೆತ್ತಿ, ಹಿಂಗತ್ತು, ನಾಲ್ಕೂ ಕಡೆ ಬೇರೆ ಬೇರೆ ಬರೆದೆವು. ಆಮೇಲೆ ಪ್ರಶ್ನೆಗಳು. ಎಲ್ಲಿಂದ ಹಚ್ಚಲು ಶುರು ಮಾಡುತ್ತಿದ್ದಳು, ಎಷ್ಟು ಹೊತ್ತು ಕೂರಿಸುತ್ತಿದ್ದಳು, ಎಷ್ಟು ಟ್ಯೂಬ್ ಒಡೆಯುತ್ತಿದ್ದಳು, ತುದಿಗೆ ಹಚ್ಚುತ್ತಿದ್ದಳಾ ಇಲ್ಲವಾ, ತೊಳೆಯುವ ಮುಂಚೆ ನೀರು ಹಾಕಿ ತಿಕ್ಕುತ್ತಿದ್ದಳಾ. ಮನೆಯಲ್ಲಿ ಮೆಹಂದಿ ಹಚ್ಚುತ್ತೀರಾ ಅಂತ ಮೂರು ಥರ ಮೂರು ಸಲ ಕೇಳಬೇಕು, ಮೊದಲ ಸಲ ಎಲ್ಲರೂ ಇಲ್ಲ ಅನ್ನುತ್ತಾರೆ.

ಕೊನೆಗೆ ಕಿವಿ ಹಿಂದೆ, ಒಳಗಿನ ಪದರದಿಂದ ಕಾಣದ ಹಾಗೆ ನಾಲ್ಕು ಸಣ್ಣ ಕುಚ್ಚು ಕತ್ತರಿಸುತ್ತಿದ್ದೆ. ಬೆಂಕಿಕಡ್ಡಿಯಷ್ಟು ದಪ್ಪ ಸಾಕು. ಒಂದನ್ನು ಹಾಗೇ ದಾರ ಕಟ್ಟಿ ಕಾರ್ಡಿಗೆ ಅಂಟಿಸುವುದು, ಅದು ಹಳೇ ಬಣ್ಣದ ಸಾಕ್ಷಿ. ಉಳಿದ ಮೂರು ಪರೀಕ್ಷೆಗೆ. ಬಿಳಿ ಜಾಸ್ತಿ ಇದ್ದವರದ್ದಾದರೆ ಬಿಳಿ ಇರುವ ಕಡೆಯಿಂದಲೂ ಒಂದೆರಡು ಎಳೆ ಬೇಕು.

ಟೀಚರ್ ಮೇಡಂ ಅವರದ್ದು 17ನೇ ಕಾರ್ಡ್. ಅವರನ್ನು ಒಪ್ಪಿಸಲು ಎರಡು ವಾರ ಬೇಕಾಯಿತು. ಮುಂದೆ ಅರ್ಧಕ್ಕಿಂತ ಜಾಸ್ತಿ ಬಿಳಿ, ನೂರಕ್ಕೆ ಅರವತ್ತು ಅಂತ ಬರೆದಿದ್ದೇನೆ. ಹಿಂದೆ ಇಪ್ಪತ್ತು. ಹಳೇ ಬಣ್ಣ ಬಿಸಿಲಲ್ಲಿ ನೋಡಿದರೆ ಕಂದು, ಒಳಗೆ ಸ್ವಲ್ಪ ಚಿನ್ನದ ಹೊಳಪು. ಮೊದಲ ಕುಚ್ಚಿಗೆ ಬರೀ 5.3 ಹಚ್ಚಿದೆವು. ಕಪ್ಪು ಕೂದಲ ಮೇಲೆ ಚೆಂದ ಕಂಡಿತು, ಆದರೆ ಬಿಳಿ ಎಳೆಗಳು ಹಿತ್ತಾಳೆ ತಂತಿ ಥರ ಮಿಂಚಿದವು. ಎರಡನೇದಕ್ಕೆ 4 ಅರ್ಧ, 5.3 ಅರ್ಧ. ಬಿಳಿ ಮುಚ್ಚಿತು, ಆದರೆ ಹಳೇ ಕುಚ್ಚಿನ ಪಕ್ಕ ಇಟ್ಟರೆ ಕಪ್ಪಾಯಿತು. ಮೂರನೇದಕ್ಕೆ 5 ಅರ್ಧ, 5.3 ಅರ್ಧ. ಬಣ್ಣ ಕೂಡಿತು, ಆದರೆ ಮೂವತ್ತೈದು ನಿಮಿಷಕ್ಕೆ ತೊಳೆದಾಗ ಎರಡು ಮೂರು ಬಿಳಿ ಎಳೆ ತೆಳುವಾಗಿ ಉಳಿದವು. ಆಗ ಅವರ ಟೀ ಕಥೆ ನೆನಪಾಯಿತು. ಅದೇ ಮಿಶ್ರಣ, ಮುಂದೆ ಮೊದಲು ಹಚ್ಚಿ, ಹತ್ತು ನಿಮಿಷ ಬಿಟ್ಟು ನೆತ್ತಿ ಮತ್ತು ಹಿಂದೆ. ಒಟ್ಟು ಮುಂದೆ 45, ಹಿಂದೆ 35.

ಅವರ ತಲೆ ಮೇಲೆ ಮಾಡಿದ್ದು ಹೀಗೆ: 5 ಇಪ್ಪತ್ತು ಗ್ರಾಂ, 5.3 ಇಪ್ಪತ್ತು ಗ್ರಾಂ, ಬಣ್ಣ ಹಿಡಿಸಲು ಬೆರೆಸುವ 20 ವಾಲ್ಯೂಮ್ ಡೆವಲಪರ್ 60 ಗ್ರಾಂ. ನಮ್ಮ ಟ್ಯೂಬಿಗೆ ಒಂದಕ್ಕೆ ಒಂದೂವರೆ, ನಿಮ್ಮದು ಒಂದಕ್ಕೆ ಒಂದು ಇದ್ದರೆ ಹಾಗೇ ತೆಗೆದುಕೊಳ್ಳಿ. ತುದಿಗೆ ಕೊನೆಯ ಐದು ನಿಮಿಷ ಮಾತ್ರ, ನೀರು ಚಿಮುಕಿಸಿ ಬಾಚಿ ಇಳಿಸಿದ್ದು. ಹಣೆ ಅಂಚಿನ ಗಟ್ಟಿ ಬಿಳಿಗೆ ಹಚ್ಚುವ ಮುಂಚೆ ಒಂದು ಕೆಲಸ ಮಾಡುತ್ತೇನೆ, ಅದು ನನ್ನ ಅಂಗಡಿಯಲ್ಲೇ ಇರಲಿ. ತಲೆ ಒರೆಸಿ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಕೈಗನ್ನಡಿ ಕೊಟ್ಟೆ. ಅವರು ಕಿವಿ ಮುಂದಿನ ಕೂದಲು ಎತ್ತಿ ಎತ್ತಿ ನೋಡಿದರು. "ಆಕಿನ ವಾಪಸ್ ಕರೆಸಿದ್ರೇನ್ರೀ?" ಅಂತ ಕೇಳಿದರು. ಹಚ್ಚಿದ್ದು ಜಗಳೂರಿನ ಹುಡುಗಿ. ಅದುವರೆಗೆ ಅವಳು ತಲೆ ತೊಳೆದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಕತ್ತರಿಸಿದ ಕುಚ್ಚಿಗೆ ತಲೆಯ ಬಿಸಿ ಇರುವುದಿಲ್ಲ. ಬಟ್ಟಲಲ್ಲಿ ನಿಧಾನ, ತಲೆ ಮೇಲೆ ಬೇಗ. ಹಾಗಾಗಿ ಮಿಶ್ರಣ ಯಾವುದು ಅನ್ನೋದಕ್ಕೆ ಕುಚ್ಚನ್ನು ನಂಬಿ, ನಿಮಿಷ ಎಷ್ಟು ಅನ್ನೋದಕ್ಕೆ ತಲೆಯನ್ನೇ ನೋಡಿ. ಇಪ್ಪತ್ತೈದು ನಿಮಿಷದಿಂದ ಐದೈದು ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡಬೇಕು. ನಾವು ಇದನ್ನು ಮರೆತದ್ದು ಹೊನ್ನಾಳಿ ಹುಡುಗಿಯ ಕೈಯಲ್ಲಿ, ಒಂದು ಕಾಲೇಜು ಹುಡುಗಿಯ ತಲೆ ಮೇಲೆ. ಯಾವತ್ತೂ ಕಲರ್ ಕಾಣದ ಕೂದಲು, ಗ್ಲೋಬಲ್ ಬೇಕಾಗಿತ್ತು. ಟಚಪ್ ಅಭ್ಯಾಸದಲ್ಲಿ ಬುಡದಿಂದ ಶುರು ಮಾಡಿದಳು. ತೊಳೆದರೆ ಬುಡ ಎರಡು ಬೆರಳಗಲ ಕಿತ್ತಳೆ, ಕೆಳಗೆ ಕಂದು. ಮತ್ತೆ ಬುಡಕ್ಕೆ ಒಂದು ಲೆವೆಲ್ ಕಪ್ಪು ಹಾಕಿ ಸರಿಮಾಡಿದೆ. 3,200 ಬಿಲ್ ಬಿಟ್ಟೆ. ಅದರ ಮೇಲೆ ಅವರಮ್ಮನಿಗೆ ಫೇಶಿಯಲ್ ಫ್ರೀ. ಅವತ್ತಿಂದ ಹೊಸ ಕೂದಲಿನ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ "ಬುಡ ಕೊನೆಗೆ" ಅಂತ ಬರೆಯುತ್ತೇವೆ.

ಮೆಹಂದಿ ಪ್ರಶ್ನೆಯೂ ಒಂದು ಸಲ ನನ್ನನ್ನು ಉಳಿಸಿತು. ಮಂಡಿಪೇಟೆಯ ಒಬ್ಬರು ಆಂಟಿ, ಬರೀ ಟೀ ಡಿಕಾಕ್ಷನ್ ಹಚ್ಚುತ್ತೇನೆ ಅಂತ ಮೂರು ಸಲವೂ ಹೇಳಿದರು. ಕೂದಲು ನೀಲಿ ಕಪ್ಪಾಗಿತ್ತು, ನನಗೆ ನಂಬಿಕೆ ಬರಲಿಲ್ಲ. ಅವರ ಕುಚ್ಚನ್ನು 20 ವಾಲ್ಯೂಮ್‌ಗೆ ನಾಲ್ಕು ಹನಿ ಅಮೋನಿಯಾ ಬಿಟ್ಟು ಮುಳುಗಿಸಿಟ್ಟೆವು. ಹತ್ತು ನಿಮಿಷಕ್ಕೆ ಬಟ್ಟಲು ಬೆಚ್ಚಗಾಯಿತು, ಕೆಟ್ಟ ವಾಸನೆ ಬಂತು, ಕುಚ್ಚು ಎಳೆದರೆ ರಬ್ಬರ್ ಥರ ಹಿಗ್ಗಿ ತುಂಡಾಯಿತು. ಕಾಳಿ ಮೆಹಂದಿ ಪ್ಯಾಕೆಟ್‌ಗಳಲ್ಲಿ ಕೆಲವಕ್ಕೆ ಲೋಹದ ಉಪ್ಪು ಸೇರಿಸಿರುತ್ತಾರೆ, ಅದು ಡೆವಲಪರ್ ಜೊತೆ ಸೇರಿದರೆ ಹೀಗೇ ಆಗುವುದು. ಅದೇ ತಲೆ ಮೇಲೆ ಆಗಿದ್ದರೆ? ಆ ಕೂದಲು ಬೆಳೆದು ಕತ್ತರಿಸಿಹೋಗುವ ತನಕ ಕಲರ್ ಬೇಡ ಅಂತ ಹೇಳಿ ಕಳಿಸಿದೆ. ಮುನಿಸಿಕೊಂಡರು, ಆದರೆ ಸೊಸೆಯನ್ನು ಕಳಿಸಿದರು.

ಇನ್ನು ಬೆರೆಸುವ ವಿಷಯ. ಅವಳು ಕಣ್ಣಳತೆಯಲ್ಲಿ ಬೆರೆಸುತ್ತಿದ್ದಳು, ತಪ್ಪುತ್ತಿರಲಿಲ್ಲ. ನಮ್ಮ ಹುಡುಗಿಯರಿಗೆ ಆ ಕಣ್ಣು ಬರಲು ವರ್ಷಗಳು ಬೇಕು. 700 ರೂಪಾಯಿ ಕೊಟ್ಟು ಒಂದು ಡಿಜಿಟಲ್ ತೂಕದ ಯಂತ್ರ ತಂದೆ, ಅಡುಗೆಮನೆಗೆ ಅಂತ ಮಾರುವಂಥದ್ದು. ಬಟ್ಟಲು ಇಟ್ಟು ಸೊನ್ನೆ ಮಾಡಿ ಗ್ರಾಂ ಲೆಕ್ಕದಲ್ಲಿ ಹಿಂಡಿದರೆ ಮುಗಿಯಿತು. ಡೆವಲಪರ್ ಕೂಡ ತೂಕದಲ್ಲೇ. ನಾನು ಎಣಿಸದ ಒಂದು ಲಾಭವೂ ಆಯಿತು. ಮುಂಚೆ ಬಟ್ಟಲ ತಳದಲ್ಲಿ ಉಳಿದ ಕಲರ್ ದಿನಾ ಸಿಂಕಿಗೆ ಹೋಗುತ್ತಿತ್ತು. ತೂಕ ಬಂದ ಮೇಲೆ ಟ್ಯೂಬಿನ ಖರ್ಚು ತಿಂಗಳಿಗೆ 25 ಸಾವಿರದಿಂದ 19ಕ್ಕೋ 20ಕ್ಕೋ ಬಂತು, ಕೆಲಸ ಅಷ್ಟೇ ಇದ್ದರೂ.

ಸ್ಮೂದನಿಂಗ್ ಮಾತ್ರ ನಾಲ್ಕು ತಿಂಗಳು ನಿಲ್ಲಿಸಿದೆ. ಕೇಳಿ ಬಂದವರನ್ನೂ ವಾಪಸ್ ಕಳಿಸಿದೆ. ತಿಂಗಳಿಗೆ ನಲವತ್ತು ಸಾವಿರ ಹೋಯಿತು, ಹೊಟ್ಟೆ ಉರಿಯಿತು. ಆದರೆ ಕ್ರೀಮ್ ಯಾವಾಗ ತೆಗೆಯಬೇಕು ಅನ್ನೋದು ಬೆರಳಿನ ಕೆಲಸ. ಒದ್ದೆ ಎಳೆಯನ್ನು ಬೆರಳಿಗೆ ಸುತ್ತಿ ಎಳೆದಾಗ ಎಷ್ಟು ಹಿಗ್ಗಿ ಎಷ್ಟು ವಾಪಸ್ ಬರುತ್ತದೆ ಅಂತ ಗೊತ್ತಾಗಬೇಕು. ಅದು ಕಾರ್ಡಿಗೆ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಆಷಾಢದಲ್ಲಿ ಮದುವೆ ಇರಲಿಲ್ಲ, ಆಗ ಹರಿಹರದ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಿದ್ದ ಕೂದಲಿನ ಕುಚ್ಚುಗಳ ಮೇಲೆ ಕಲಿಸಿದೆ. ಶ್ರಾವಣಕ್ಕೆ ಶುರು ಮಾಡಿದೆವು, ವಾರಕ್ಕೆ ಎರಡೇ.

ಮದುಮಗಳ ಬುಕಿಂಗ್ ಎಂಟು ಇದ್ದವು. ಎಲ್ಲರಿಗೂ ನಾನೇ ಫೋನ್ ಮಾಡಿ ನಿಜ ಹೇಳಿದೆ. ಮೂವರು ಅಡ್ವಾನ್ಸ್ ವಾಪಸ್ ಕೇಳಿದರು, ತಲಾ 5 ಸಾವಿರ ಅದೇ ದಿನ ಕೊಟ್ಟೆ. ಐವರು ಟ್ರಯಲ್ ನೋಡಿ ಉಳಿದರು.

ನಡುವೆ ನೀರಿನ ಮೇಲೂ ಸ್ವಲ್ಪ ದುಡ್ಡು ಹಾಕಿದೆ. ನಮ್ಮ ಕಟ್ಟಡದ ಬೋರ್‌ವೆಲ್ ನೀರು ಗಡಸು, ನಲ್ಲಿ ತುದಿಯಲ್ಲಿ ಬಿಳಿ ಕಟ್ಟುತ್ತದೆ. ಕಲರ್ ಬೇಗ ಮಾಸುವುದು ಇದರಿಂದಲೇ ಅಂತ ನನಗೆ ಗಟ್ಟಿ ಅನಿಸಿತ್ತು. ಫಿಲ್ಟರ್ ನೀರಿನ ಘಟಕದಿಂದ ಕ್ಯಾನ್ ತರಿಸಿ ಜಗಳೂರಿನ ಹುಡುಗಿಯ ತಲೆಯನ್ನು ಬೈತಲೆಯಿಂದ ಎರಡು ಭಾಗ ಮಾಡಿ, ಬಲಗಡೆ ಬೋರ್ ನೀರು, ಎಡಗಡೆ ಫಿಲ್ಟರ್ ನೀರು, ಆರು ವಾರ ತೊಳೆದೆವು. ಮುಟ್ಟಿದರೆ ಎಡಗಡೆ ಮೆತ್ತಗೆ, ಬಾಚಣಿಗೆ ಸಲೀಸಾಗಿ ಇಳಿಯುತ್ತಿತ್ತು. ಬಣ್ಣದಲ್ಲಿ ಮಾತ್ರ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಈಗ ಕೊನೆಯ ಒಂದು ಮಗ್ ಮಾತ್ರ ಫಿಲ್ಟರ್ ನೀರು ಹಾಕುತ್ತೇವೆ. ಒಂದು ಕ್ಯಾನ್ ಎರಡು ದಿನ ಬರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಹುಡುಗಿಯರ ಕೈಯಲ್ಲಿ ಕಾರ್ಡ್ ಬರೆಸುವುದು. ಸಂಜೆ ಕೂತು ನೆನಪಿನಿಂದ ಬರೆಯುತ್ತಿದ್ದರು. ಒಂದೇ ದಿನದ ಆರು ಕಾರ್ಡಿನಲ್ಲೂ 35 ನಿಮಿಷ ಅಂತ ಇದ್ದರೆ ಅದು ಸುಳ್ಳು ಅಂತ ಗೊತ್ತಾಗುತ್ತದಲ್ಲ. ಮುಂಚೆ ಮಾಡಿದ ಕೆಲಸದ ನೂರಕ್ಕೆ ಹತ್ತು ಕಮಿಷನ್ ಅವಳೊಬ್ಬಳಿಗೆ ಹೋಗುತ್ತಿತ್ತು. ಅದೇ ಹತ್ತನ್ನು ಹಂಚಿದೆ. ಹಚ್ಚಿದವಳಿಗೆ ಐದು, ಬೆರೆಸಿ ಕಾರ್ಡ್ ಬರೆದವಳಿಗೆ ಮೂರು, ತೊಳೆದವಳಿಗೆ ಎರಡು. ಕಾರ್ಡ್ ಬರೆದಿಲ್ಲ ಅಂದರೆ ಮೂವರಿಗೂ ಇಲ್ಲ. ಹರಿಹರದ ಹುಡುಗಿ ಒಂದು ವಾರ ಮುಖ ಊದಿಸಿಕೊಂಡಿದ್ದಳು. ತಿಂಗಳ ಕೊನೆಗೆ ಕೈಗೆ ನಾಲ್ಕು ಸಾವಿರ ಜಾಸ್ತಿ ಬಂದಾಗ ಸರಿಹೋದಳು. ಈಗ ತೊಳೆಯುವವಳೇ ಕೂಗುತ್ತಾಳೆ, "ಅಕ್ಕ, ಕಾರ್ಡ್ ಬರೆದ್ರಾ?" ಅಂತ.

ಮಾರ್ಚ್‌ನಲ್ಲಿ 95 ಸಾವಿರ, ಮೇನಲ್ಲಿ 1 ಲಕ್ಷ 40 ಸಾವಿರದ ಹತ್ತಿರ. ದಸರಾ ಹೊತ್ತಿಗೆ ಹಳೇ ಲೆಕ್ಕ ದಾಟಿ 1 ಲಕ್ಷ 90 ಸಾವಿರ ಆಯಿತು. ಆಯುಧ ಪೂಜೆ ದಿನ ಬಳೆ ನನ್ನ ಕೈಯಲ್ಲಿದ್ದವು. ತೂಕದ ಯಂತ್ರಕ್ಕೂ ಕುಂಕುಮ ಇಟ್ಟೆ. ಡೀಲರ್ ಅಣ್ಣ ಈಗ ಬೇರೆ ಪಾರ್ಲರ್‌ನವರಿಗೆ ನನ್ನ ಕಾರ್ಡ್ ಕಥೆ ಹೇಳುತ್ತಾರಂತೆ.

ಕಾರ್ತೀಕದಲ್ಲಿ ಹೊನ್ನಾಳಿ ಹುಡುಗಿಗೆ ಮದುವೆ ಗೊತ್ತಾಗಿ ಕೆಲಸ ಬಿಟ್ಟಳು. ಅಷ್ಟರಲ್ಲಿ ಅವಳ ಕೈಗೆ ಮೂವತ್ತು ಜನ ಹೊಂದಿಕೊಂಡಿದ್ದರು. ಹೊಸದಾಗಿ ಸೇರಿದವಳಿಗೆ ಮೊದಲ ದಿನ ಆ ಮೂವತ್ತು ಕಾರ್ಡ್ ಕೊಟ್ಟೆ. ಎರಡು ತಿಂಗಳಲ್ಲಿ ಬಿಟ್ಟುಹೋದವರು ಇಬ್ಬರೋ ಮೂವರೋ. ಟೀಚರ್ ಮೇಡಂ ಬಂದ ದಿನ ನಾನು ಹರಿಹರದಲ್ಲಿ ಮದುವೆ ಮನೆಯಲ್ಲಿದ್ದೆ. ವಾಪಸ್ ಬರುವಷ್ಟರಲ್ಲಿ ಅವರು ಕಲರ್ ಮಾಡಿಸಿಕೊಂಡು ಹೋಗಿಯಾಗಿತ್ತು. 17ನೇ ಕಾರ್ಡಿನಲ್ಲಿ ಹೊಸ ಅಕ್ಷರದಲ್ಲಿ "ಮುಂದೆ 45, ಹಿಂದೆ 35, ಒಂದು ಟೀ" ಅಂತ ಇತ್ತು.

ಈಗ ಮುನ್ನೂರರ ಮೇಲೆ ಕಾರ್ಡ್ ಇವೆ. ಒಂದೇ ತೊಂದರೆ ಉಳಿದಿದೆ. ಸೆಲ್ಲೋಟೇಪಿನ ಕೆಳಗಿನ ಕುಚ್ಚು ಒಂದು ವರ್ಷಕ್ಕೆ ಹಳದಿ ಅಂಟಿನಲ್ಲಿ ಬಣ್ಣ ತಪ್ಪುತ್ತದೆ, ಬೆಳಕಿಗೆ ಇಟ್ಟರೆ ಇನ್ನೂ ಬೇಗ. ಹಾಗಾಗಿ ಈಗ ಕಾರ್ಡಿಗೆ ತೂತು ಹೊಡೆದು ದಾರದಲ್ಲಿ ಕಟ್ಟಿ, ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿ ಇಡುತ್ತೇವೆ. ಹಳೇ ಎಪ್ಪತ್ತು ಕಾರ್ಡ್‌ಗಳ ಕುಚ್ಚು ಒಂದೊಂದಾಗಿ ಬದಲಾಯಿಸುತ್ತಿದ್ದೇವೆ, ಗಿರಾಕಿ ಬಂದ ಹಾಗೆ.